ಕ್ಲಾಸಿನ್ಯಾಗ ಹುಡುಗರು ಕಡಿಮಿ ಇದ್ರ ಓದು ಸುಧಾರಿಸ್ತದೇನು?

ಕಪನೂರ: ಶಾಲೆ ಶುರುವಾಗೋ ಹೊತ್ತಿಗೆ ತಂದೆ-ತಾಯಿ ಮೊದಲು ಕೇಳೋದು ಇದನ್ನೇ: ‘ಕ್ಲಾಸಿನ್ಯಾಗ ಎಷ್ಟು ಹುಡುಗರದಾರ್ರಿ?’ ಹುಡುಗರು ಕಡಿಮಿ ಇದ್ದಷ್ಟು ಛಲೋ ಅಂತ ಎಲ್ಲರ ನಂಬಿಕೆ. ದೊಡ್ಡ ಅಧ್ಯಯನಗಳು ಇದನ್ನು ಅರ್ಧ ಮಾತ್ರ ಒಪ್ಪುತ್ತವೆ.

ಈ ವಿಷಯದಲ್ಲಿ ಹೆಸರಾದ ಪ್ರಯೋಗ ಅಮೆರಿಕದ ಟೆನೆಸ್ಸಿ ರಾಜ್ಯದ್ದು. 1985ರಲ್ಲಿ 79 ಶಾಲೆಗಳಲ್ಲಿ ಮಕ್ಕಳನ್ನು ಚೀಟಿ ಎತ್ತಿದ ಹಾಗೆ ಹಂಚಿದರು. ಕೆಲವರಿಗೆ 13ರಿಂದ 17 ಮಕ್ಕಳ ಕ್ಲಾಸು, ಉಳಿದವರಿಗೆ 22ರಿಂದ 25ರ ಕ್ಲಾಸು. ಸಣ್ಣ ಕ್ಲಾಸಿನವರು ಓದು, ಲೆಕ್ಕ ಎರಡರಲ್ಲೂ ಮುಂದಿದ್ದರು, ಬಡ ಮಕ್ಕಳಿಗೆ ಲಾಭ ಹೆಚ್ಚಾಯಿತು. ಆದರೆ ಅವರ ‘ದೊಡ್ಡ’ ಕ್ಲಾಸು ನಮ್ಮಲ್ಲಿ ಸಣ್ಣದು. 55 ಇದ್ದದ್ದು 40 ಆದರೆ ಏನಾಗ್ತದೆ ಅನ್ನೋದಕ್ಕೆ ಇದರಲ್ಲಿ ಉತ್ತರ ಇಲ್ಲ.

ನಮಗೆ ಹತ್ತಿರದ್ದು ಮುಂಬೈ ಮತ್ತು ವಡೋದರಾ ಪಾಲಿಕೆ ಶಾಲೆಗಳ ಅಧ್ಯಯನ. 2001ರ ಸುಮಾರಿಗೆ ‘ಪ್ರಥಮ್’ ಸಂಸ್ಥೆ ಅಲ್ಲಿ ‘ಬಾಲಸಖಿ’ಯರನ್ನು ನೇಮಿಸಿತು. ಇವರು ಅದೇ ಓಣಿಯ ಓದಿದ ಯುವತಿಯರು. 3 ಮತ್ತು 4ನೇ ತರಗತಿಯಲ್ಲಿ ಹಿಂದುಳಿದ 15-20 ಮಕ್ಕಳನ್ನು ದಿನಾ ಎರಡು ತಾಸು ಬೇರೆ ಕೂರಿಸಿ ಅಕ್ಷರ, ಲೆಕ್ಕ ಕಲಿಸಿದರು. ಆ ಮಕ್ಕಳು ಸುಧಾರಿಸಿದರು. ಅದೇ ಹೊತ್ತಿಗೆ ಕ್ಲಾಸಿನಲ್ಲಿ ಉಳಿದವರಿಗೂ ಸಂಖ್ಯೆ ಕಡಿಮಿ ಆಗಿತ್ತು, ಆದರೆ ಅವರಲ್ಲಿ ಸುಧಾರಣೆ ಕಾಣಲಿಲ್ಲ. ಕಾರಣ ಊಹಿಸೋದು ಕಷ್ಟ ಅಲ್ಲ: ಅವರಿಗೆ ಪಾಠ ಮೊದಲಿನಂಗೇ ನಡೀತು. ಹಿಂದುಳಿದವರಿಗೆ ಮಾತ್ರ ಅವರ ಮಟ್ಟಕ್ಕೆ ಇಳಿದು ಕಲಿಸಿದ್ದರು.

ಲೆಕ್ಕದಲ್ಲಿ 30, ಕೋಣೆಯಲ್ಲಿ 60

ಅನೇಕ ಸಮೀಕ್ಷೆಗಳು ತಪ್ಪೋದು ಇಲ್ಲೇ. ಶಾಲೆಯ ಒಟ್ಟು ಮಕ್ಕಳನ್ನು ಒಟ್ಟು ಶಿಕ್ಷಕರಿಂದ ಭಾಗಿಸಿ ಅನುಪಾತ ಹೇಳ್ತವೆ. ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ 1ರಿಂದ 5ನೇ ತರಗತಿಯಲ್ಲಿ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು ಸಾಕು. ಅಂದರೆ ಒಬ್ಬರಿಗೆ 30, ಕಾಗದದ ಮೇಲೆ ಎಲ್ಲಾ ಸರಿ.

ಆದರೆ ತರಗತಿ ಐದು, ಶಿಕ್ಷಕರು ಇಬ್ಬರು. ಒಬ್ಬರು ಎರಡು, ಇನ್ನೊಬ್ಬರು ಮೂರು ತರಗತಿ ಒಟ್ಟಿಗೆ ನೋಡಬೇಕು. ಒಬ್ಬರು ರಜೆ ಹಾಕಿದರೋ, ತರಬೇತಿಗೆ ಹೋದರೋ, ಅವತ್ತು 60 ಮಕ್ಕಳೂ ಒಬ್ಬರ ಮುಂದೆ. ಅನುಪಾತದಲ್ಲಿ ಮಾತ್ರ 30 ಹಾಗೇ ಇರ್ತದೆ. ಹುಮನಾಬಾದ್ ರಸ್ತೆ ಹಿಡಿದು ಕಮಲಾಪುರ ಕಡೆ ಹೋದರೆ ಸಿಗೋ ಸಣ್ಣ ಹಳ್ಳಿಗಳವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಏನು ಕೇಳಬೇಕು?

ಎಸ್‌ಡಿಎಂಸಿ ಸಭೆಗೆ ಹೋದಾಗ ಎಷ್ಟು ಮಕ್ಕಳು ಅಂತ ಮಾತ್ರ ಕೇಳಬ್ಯಾಡ್ರಿ. ಒಂದು ಕೋಣೆಯಲ್ಲಿ ಎಷ್ಟು ತರಗತಿ ಕೂಡ್ತಾವ, ಹೋದ ತಿಂಗಳು ಎಷ್ಟು ದಿನ ಇಬ್ಬರೂ ಶಿಕ್ಷಕರು ಇದ್ದರು, ಓದಲಿಕ್ಕೆ ಬರದ ಮಕ್ಕಳಿಗೆ ದಿನಾ ಬೇರೆ ಸಮಯ ಅದನೋ ಇಲ್ಲೋ ಕೇಳ್ರಿ. ಮನೆಯಲ್ಲಿ 4ನೇ ತರಗತಿ ಮಗುವಿನ ಕೈಗೆ 2ನೇ ತರಗತಿ ಪುಸ್ತಕ ಕೊಟ್ಟು ಒಂದು ಪುಟ ಓದಿಸ್ರಿ. ಅಲ್ಲೇ ತಡವರಿಸಿದರೆ, ಕ್ಲಾಸಿನ್ಯಾಗ 20 ಜನ ಇದ್ದರೂ ಪಾಠ ಮಗುವಿನ ತಲೆ ಮೇಲೇ ಹೊಂಟದ ಅಂತ ತಿಳೀರಿ.