ಗೋಡೆಯ ಕಪಾಟು ಸ್ಕ್ರೂಸಮೇತ ಕಿತ್ತುಬರುವುದೇಕೆ?

ಪ್ರಶ್ನೆ: ಇಟ್ಟಿಗೆ ಗೋಡೆಗೆ ಪ್ಲಗ್ ಹಾಕಿ ಬಿಗಿದ ಪುಸ್ತಕದ ಕಪಾಟು ಕೆಲವು ತಿಂಗಳಲ್ಲೇ ಸಡಿಲವಾಗಲು ಕಾರಣವೇನು?

ಉತ್ತರ: ಕಪಾಟಿನ ಭಾರವು ಸ್ಕ್ರೂವನ್ನು ಕೆಳಕ್ಕೆ ಒತ್ತುವುದಷ್ಟೇ ಅಲ್ಲದೆ, ಮೇಲಿನ ಸ್ಕ್ರೂವನ್ನು ಗೋಡೆಯಿಂದ ಹೊರಕ್ಕೂ ಎಳೆಯುತ್ತದೆ. 40 ಕಿಲೋ ಪುಸ್ತಕಗಳ ಭಾರಕೇಂದ್ರವು ಗೋಡೆಯಿಂದ 15 ಸೆಂ.ಮೀ. ದೂರದಲ್ಲಿದ್ದು, ಬ್ರಾಕೆಟ್ಟಿನ ಎತ್ತರ 20 ಸೆಂ.ಮೀ. ಇದ್ದರೆ, ಮೇಲಿನ ಸ್ಕ್ರೂಗಳ ಮೇಲೆ ಒಟ್ಟು ಸುಮಾರು 30 ಕಿಲೋ ಭಾರಕ್ಕೆ ಸಮನಾದ ಎಳೆತ ಬೀಳುತ್ತದೆ. ಎತ್ತರ 10 ಸೆಂ.ಮೀ.ಗೆ ಇಳಿದರೆ ಅದು 60 ಕಿಲೋ ಆಗುತ್ತದೆ.

ಈ ಎಳೆತವನ್ನು ತಡೆಯುವುದು ಪ್ಲಗ್, ಅಂದರೆ ಸ್ಕ್ರೂ ಒಳಹೊಕ್ಕಾಗ ಹಿಗ್ಗಿ ರಂಧ್ರದ ಗೋಡೆಯನ್ನು ಒತ್ತಿಹಿಡಿಯುವ ನೈಲಾನ್ ಕೊಳವೆ. ಪ್ಲಾಸ್ಟರ್ ಈ ಒತ್ತಡಕ್ಕೆ ಪುಡಿಯಾಗುವುದರಿಂದ ಪ್ಲಗ್ ಪೂರ್ತಿಯಾಗಿ ಇಟ್ಟಿಗೆಯೊಳಗೆ ಕೂರಬೇಕು. 15 ಮಿ.ಮೀ. ಪ್ಲಾಸ್ಟರ್ ಇರುವ ಗೋಡೆಯಲ್ಲಿ 40 ಮಿ.ಮೀ. ಉದ್ದದ, 8 ಮಿ.ಮೀ. ದಪ್ಪದ ಪ್ಲಗ್ಗಿಗೆ, ಕಾರ್ಬೈಡ್ ತುದಿಯ 8 ಮಿ.ಮೀ. ಬಿಟ್ಟಿನಿಂದ ಸುಮಾರು 65 ಮಿ.ಮೀ. ಆಳ ಕೊರೆದು, ಧೂಳನ್ನು ಊದಿ ತೆಗೆದು, ಪ್ಲಗ್ಗಿನ ತುದಿ ದಾಟುವಷ್ಟು ಉದ್ದದ ಸ್ಕ್ರೂ ಹಾಕಬೇಕು. ಕೊರೆಯುವಾಗ ಬೂದು ಧೂಳಿನ ನಂತರ ಕೆಂಪು ಪುಡಿ ಬಂದರೆ ಬಿಟ್ ಇಟ್ಟಿಗೆಯನ್ನು ತಲುಪಿದೆ ಎಂದರ್ಥ. ಬೂದು ಬಣ್ಣವೇ ಮುಂದುವರಿದು ಬಿಟ್ ಸಲೀಸಾಗಿ ಇಳಿದರೆ ಅದು ಇಟ್ಟಿಗೆಗಳ ನಡುವಿನ ಗಾರೆಯಾಗಿರುವ ಸಂಭವವಿದ್ದು, ಜಾಗ ಬದಲಿಸುವುದು ಲೇಸು.

ಲೋಹದ ಆಂಕರ್ ಬೋಲ್ಟ್ ಕಾಂಕ್ರೀಟಿಗೆ ತಕ್ಕದ್ದು. ಅದರ ತೀವ್ರ ಹಿಗ್ಗುವಿಕೆಗೆ ಇಟ್ಟಿಗೆ, ವಿಶೇಷವಾಗಿ ಅಂಚಿನ ಬಳಿ, ಸೀಳಬಹುದು.