ಪಾವತಿ ಆಗಿಲ್ಲ, ಮುಂದೇನು?

ಕರೆಂಟ್ ಬಿಲ್ ಕಟ್ಟಲು ಹೋಗಿ ಯುಪಿಐ ಕೈಕೊಟ್ಟಾಗ ಬರುವ ಸಂದೇಶ ಹೆಚ್ಚಾಗಿ ಹೀಗಿರುತ್ತದೆ: ‘ಪ್ರಿಯ ಗ್ರಾಹಕರೇ, ತಾಂತ್ರಿಕ ಕಾರಣಗಳಿಂದ ನಿಮ್ಮ ವಹಿವಾಟು ಪೂರ್ಣಗೊಂಡಿಲ್ಲ. ದೋಷ ಸಂಖ್ಯೆ U30. ಅನಾನುಕೂಲಕ್ಕೆ ವಿಷಾದಿಸುತ್ತೇವೆ. ಸ್ವಲ್ಪ ಸಮಯದ ನಂತರ ಪ್ರಯತ್ನಿಸಿ ಅಥವಾ ಬ್ಯಾಂಕನ್ನು ಸಂಪರ್ಕಿಸಿ.’ ಇಷ್ಟೆಲ್ಲ ಓದಿದರೂ ‘ನನ್ನ ದುಡ್ಡು ಹೋಯಿತೋ, ಇದೆಯೋ?’ ಎಂಬುದು ತಿಳಿಯುವುದಿಲ್ಲ. ಓದುವವರಿಗೆ ಮೊದಲು ಬೇಕಾಗಿರುವುದು ಅದೇ.

ಇದನ್ನೇ ಹೀಗೆ ಬರೆಯಬಹುದು:

‘ಕರೆಂಟ್ ಬಿಲ್ ₹1,240 ಪಾವತಿ ಆಗಿಲ್ಲ. ಹಣ ಕಡಿತವಾಗಿಲ್ಲ. ಬೇರೆ ಖಾತೆಯಿಂದ ಕಟ್ಟಿ.’

ಯಾವ ಬಿಲ್ಲು, ಹಣದ ಗತಿ ಏನು, ಈಗ ಏನು ಮಾಡಬೇಕು ಎಂಬ ಮೂರೂ ಬಂದವು. ವಿಷಾದ ಬೇಕಿಲ್ಲ. U30 ಎಂದರೆ ಖಾತೆಯಿಂದ ಹಣ ತೆಗೆಯುವುದೇ ಆಗಲಿಲ್ಲ ಎಂದರ್ಥ. ಆ ಸಂಕೇತವೂ ವಹಿವಾಟಿನ 12 ಅಂಕಿಯ ಯುಟಿಆರ್ ಸಂಖ್ಯೆಯೂ ದೂರು ಕೊಡುವಾಗ ಬೇಕಾಗುತ್ತವೆ. ಆ್ಯಪ್‌ನ ವಿವರ ಪುಟದಲ್ಲಿದ್ದರೆ ಸಾಕು.

ಹೀಗೆ ಮೊಟಕು ಮಾಡಲು ಇನ್ನೊಂದು ಕಾರಣವೂ ಇದೆ. ಒಂದು ಎಸ್ಸೆಮ್ಮೆಸ್ಸಿನಲ್ಲಿ ಇಂಗ್ಲಿಷಿನ 160 ಅಕ್ಷರ ಹಿಡಿದರೆ ಕನ್ನಡಕ್ಕೆ ಸಿಗುವುದು 70 ಮಾತ್ರ. ಗುಣಿತದ ಚಿಹ್ನೆಯೂ ಒತ್ತಕ್ಷರಕ್ಕೆ ಬೇಕಾದ ಹಲಂತವೂ ಬೇರೆ ಬೇರೆಯಾಗಿ ಲೆಕ್ಕಕ್ಕೆ ಬರುತ್ತವೆ. ‘ಕಟ್ಟಿ’ ಎಂಬುದೇ ಐದು. ಮೇಲಿನ ಸಂದೇಶ ಖಾಲಿ ಜಾಗವೂ ಸೇರಿ 69ಕ್ಕೆ ಮುಗಿಯುತ್ತದೆ.

ನಿಜವಾದ ತೊಡಕು ಇರುವುದು ಖಾತೆಯಿಂದ ಹಣ ಹೋಗಿ ಬಿಲ್ಲಿಗೆ ಜಮೆಯಾಗದಿದ್ದಾಗ. ಆಗಲೂ ‘ಮತ್ತೆ ಪ್ರಯತ್ನಿಸಿ’ ಎಂದು ಬರೆದರೆ ಅದು ದೊಡ್ಡ ತಪ್ಪು. ಜನ ಮತ್ತೆ ಕಟ್ಟುತ್ತಾರೆ, ಸ್ವಲ್ಪ ಹೊತ್ತಿಗೆ ಮೊದಲನೆಯದೂ ಜಮೆಯಾಗುತ್ತದೆ, ಒಂದೇ ಬಿಲ್ಲಿಗೆ ಎರಡು ಸಲ ದುಡ್ಡು ಹೋಗುತ್ತದೆ. ಇಲ್ಲಿ ಹೇಳಬೇಕಾದದ್ದು ಕಾಯಿರಿ ಎಂದು, ಅದೂ ತಾರೀಖಿನ ಸಮೇತ. ರಿಸರ್ವ್ ಬ್ಯಾಂಕಿನ 2019ರ ಸೆಪ್ಟೆಂಬರ್ ಸುತ್ತೋಲೆಯ ಪ್ರಕಾರ, ವ್ಯಾಪಾರಿಗೆ ಮಾಡಿದ ಯುಪಿಐ ಪಾವತಿ ಹೀಗೆ ನಡುವೆ ಸಿಕ್ಕಿಕೊಂಡರೆ ಐದು ದಿನದೊಳಗೆ ಹಣ ತಾನಾಗಿ ವಾಪಸ್ ಬರಬೇಕು. ತಡವಾದರೆ ದಿನಕ್ಕೆ ₹100 ಪರಿಹಾರ. ಮಾರ್ಚ್ 10ರಂದು ಕಟ್ಟಿದವರಿಗೆ ಹೀಗೆ ಬರೆಯಬೇಕು:

‘ಕರೆಂಟ್ ಬಿಲ್ಲಿನ ₹1,240 ಕಡಿತವಾಗಿದೆ, ಇನ್ನೂ ಜಮೆಯಾಗಿಲ್ಲ. ಮತ್ತೆ ಕಟ್ಟಬೇಡಿ. ಮಾರ್ಚ್ 15ರವರೆಗೆ ಕಾಯಿರಿ.’

ಇದು 70ರೊಳಗೆ ಹಿಡಿಯುವುದಿಲ್ಲ. ಎರಡು ಎಸ್ಸೆಮ್ಮೆಸ್ಸಿನ ಖರ್ಚು ಬಿದ್ದರೂ ‘ಮತ್ತೆ ಕಟ್ಟಬೇಡಿ’ ಎಂಬುದನ್ನು ಮಾತ್ರ ಬಿಡಬಾರದು. ಬಿಲ್ಲಿನ ಕೊನೇ ದಿನ ಮಾರ್ಚ್ 12 ಆಗಿದ್ದರೆ ಈ ಸಲಹೆಯೂ ಸಾಲದು. ಅಂಥವರಿಗೆ ತಡದ ಶುಲ್ಕ ಬೀಳುತ್ತದೋ ಇಲ್ಲವೋ ಎಂಬುದನ್ನು ಆ್ಯಪ್ ಒಳಗೆ ತಿಳಿಸಬೇಕು.

ಸಂದೇಶದಲ್ಲಿ ಲಿಂಕ್ ಆಗಲಿ ಫೋನ್ ನಂಬರ್ ಆಗಲಿ ಇರಕೂಡದು. ‘ಬಿಲ್ ಬಾಕಿ, ಇಂದು ರಾತ್ರಿ ಕರೆಂಟ್ ಕಟ್, ಈ ನಂಬರಿಗೆ ಕರೆ ಮಾಡಿ’ ಎಂದು ಹೆದರಿಸಿ ಖಾತೆ ಬರಿದು ಮಾಡುವ ವಂಚಕರು ಇದೇ ದಾರಿ ಹಿಡಿಯುತ್ತಾರೆ. ಹಣ ಕಟ್ಟಲು ಬಳಸಿದ ಆ್ಯಪ್ಪನ್ನು ಗ್ರಾಹಕರೇ ತೆರೆದು ನೋಡಲಿ.