ಪೆನಿಸಿಲಿನ್ ಅಲರ್ಜಿಯೋ, ಅಡ್ಡಪರಿಣಾಮವೋ?

ಹಲ್ಲಿನ ಬೇರಿನಲ್ಲಿ ಕೀವು ಕಟ್ಟಿ ಕೆನ್ನೆ ಊದಿದಾಗ ದಂತವೈದ್ಯರು ಸಾಮಾನ್ಯವಾಗಿ ಬರೆಯುವ ಆಂಟಿಬಯಾಟಿಕ್ ಅಮಾಕ್ಸಿಸಿಲಿನ್. ಇದು ಪೆನಿಸಿಲಿನ್ ಗುಂಪಿನ ಔಷಧ. ಪೆನಿಸಿಲಿನ್ ತಮಗೆ ಆಗಿಬರುವುದಿಲ್ಲ ಎಂದು ಹೇಳುವವರು ಅಮೆರಿಕದಲ್ಲಿ ನೂರಕ್ಕೆ ಸುಮಾರು 10 ಮಂದಿ. ಅವರನ್ನು ಸರಿಯಾಗಿ ಪರೀಕ್ಷಿಸಿದರೆ ಹತ್ತರಲ್ಲಿ ಒಂಬತ್ತು ಮಂದಿಗೆ ಅಲರ್ಜಿ ಇರುವುದೇ ಇಲ್ಲ.

ಒಂದು ಉದಾಹರಣೆ ನೋಡಬಹುದು. ದವಡೆಹಲ್ಲಿನ ಕೀವಿನಿಂದ ಬಂದ ಮಹಿಳೆಯೊಬ್ಬರು ತಮಗೆ ಪೆನಿಸಿಲಿನ್ ಅಲರ್ಜಿ ಎನ್ನುತ್ತಾರೆ. ಏನಾಗಿತ್ತು ಎಂದು ಕೇಳಿದರೆ, ಕೆಲವು ವರ್ಷಗಳ ಹಿಂದೆ ಅಮಾಕ್ಸಿಸಿಲಿನ್ ಮತ್ತು ಕ್ಲಾವುಲನೇಟ್ ಸೇರಿದ ಮಾತ್ರೆ ತೆಗೆದುಕೊಂಡು ಎರಡನೆಯ ದಿನ ಭೇದಿ, ಹೊಟ್ಟೆ ತೊಳಸು ಶುರುವಾಗಿತ್ತು. ಮೈಮೇಲೆ ದದ್ದು ಎದ್ದಿರಲಿಲ್ಲ, ಉಸಿರಾಟಕ್ಕೆ ತೊಂದರೆಯಾಗಿರಲಿಲ್ಲ. ಕ್ಲಾವುಲನೇಟ್ ಹೊಟ್ಟೆ ಕೆಡಿಸುವುದು ಬಹು ಸಾಮಾನ್ಯ. ಇದು ಅಡ್ಡಪರಿಣಾಮ, ಅಲರ್ಜಿಯಲ್ಲ. ಬರೀ ಅಮಾಕ್ಸಿಸಿಲಿನ್ ಅನ್ನು ಈಕೆಗೆ ಕೊಡಬಹುದು.

ನಿಜವಾದ ಅಲರ್ಜಿಯ ಚಹರೆಯೇ ಬೇರೆ. ಔಷಧ ಒಳಹೋದ ಕೆಲವೇ ನಿಮಿಷಗಳಿಂದ ಗಂಟೆಯೊಳಗೆ ತುರಿಕೆಯ ಗಂಧೆಗಳು ಏಳುತ್ತವೆ; ತುಟಿ, ನಾಲಿಗೆ ಊದಬಹುದು, ಉಸಿರು ಕಟ್ಟಬಹುದು, ರಕ್ತದೊತ್ತಡ ಕುಸಿಯಬಹುದು. ಸೂಜಿ ಕಂಡು ಬೆವರಿ, ಬಿಳಿಚಿಕೊಂಡು, ಮಲಗಿಸಿದೊಡನೆ ಚೇತರಿಸಿಕೊಳ್ಳುವವರದು ಬರೀ ತಲೆಸುತ್ತು. ದಿನಗಳ ಬಳಿಕ ಬಾಯಲ್ಲಿ ಹುಣ್ಣು, ಚರ್ಮದಲ್ಲಿ ಬೊಬ್ಬೆ ಎದ್ದು ಸುಲಿದಿದ್ದರೆ ಅದು ಇನ್ನೊಂದು ಬಗೆಯ, ಅತಿ ಗಂಭೀರ ಪ್ರತಿಕ್ರಿಯೆ. ಅಂಥವರಿಗೆ ಪರೀಕ್ಷೆಗೆಂದೂ ಆ ಗುಂಪಿನ ಔಷಧ ಕೊಡಬಾರದು.

ಅಲರ್ಜಿ ನಿಜವೆಂದು ತೋರಿದಾಗ ಬದಲಿ ಔಷಧವನ್ನು ಹಿಂದಿನ ಪ್ರತಿಕ್ರಿಯೆಯ ತೀವ್ರತೆ ನೋಡಿ ಆರಿಸಬೇಕು. ಗಂಧೆ, ಊತ, ಉಸಿರುಕಟ್ಟುವಿಕೆ ಯಾವುದೂ ಇಲ್ಲದೆ ಸಣ್ಣ ದದ್ದು ಮಾತ್ರ ಆಗಿದ್ದವರಿಗೆ ಅಮೆರಿಕದ ದಂತವೈದ್ಯ ಸಂಘದ 2019ರ ಮಾರ್ಗಸೂಚಿ ಸೆಫಲೆಕ್ಸಿನ್ ಸೂಚಿಸುತ್ತದೆ. ಆದರೆ ಅದರ ರಚನೆಯ ಒಂದು ಭಾಗ ಅಮಾಕ್ಸಿಸಿಲಿನ್‌ನದನ್ನು ಹೋಲುವುದರಿಂದ ಗಂಭೀರ ಅಲರ್ಜಿ ಆಗಿದ್ದವರಿಗೆ ಅದು ಬೇಡ. ಅವರಿಗೆ ಅಜಿತ್ರೊಮೈಸಿನ್ ಅಥವಾ ಕ್ಲಿಂಡಮೈಸಿನ್. ಅಜಿತ್ರೊಮೈಸಿನ್ ಹೃದಯಬಡಿತದ ಲಯ ಕೆಡಿಸಬಲ್ಲದು, ಆದ್ದರಿಂದ ಹೃದ್ರೋಗಿಗಳು ತಮ್ಮ ಕಾಯಿಲೆಯನ್ನು ಮೊದಲೇ ಹೇಳಬೇಕು. ಕ್ಲಿಂಡಮೈಸಿನ್ ಕರುಳಿನಲ್ಲಿ ತೀವ್ರ ಸೋಂಕಿಗೆ ದಾರಿ ಮಾಡಬಲ್ಲದು. ಹೃದಯದ ಸೋಂಕು ತಡೆಯಲು ಹಲ್ಲಿನ ಚಿಕಿತ್ಸೆಗೆ ಮುನ್ನ ಕೊಡುತ್ತಿದ್ದ ಔಷಧಗಳ ಪಟ್ಟಿಯಿಂದ ಅಮೆರಿಕದ ಹೃದಯ ಸಂಘ 2021ರಲ್ಲಿ ಅದನ್ನು ತೆಗೆದುಹಾಕಿದ್ದು ಇದೇ ಭಯದಿಂದ. ತಪ್ಪು ಹಣೆಪಟ್ಟಿಯ ಬೆಲೆ ಇಲ್ಲಿ ಕಾಣುತ್ತದೆ: ಒಳ್ಳೆಯ ಔಷಧ ಬಿಟ್ಟು ಹೆಚ್ಚು ಅಪಾಯದ್ದನ್ನು ನುಂಗಬೇಕಾಗುತ್ತದೆ.

ಯಾವ ಆಂಟಿಬಯಾಟಿಕ್ ಆದರೂ ಹಲ್ಲನ್ನು ತೆರೆದು ಅಥವಾ ಕಿತ್ತು ಕೀವು ಹೊರಗೆ ಬಿಡುವ ಕೆಲಸಕ್ಕೆ ಬದಲಿಯಲ್ಲ. ಎಷ್ಟೋ ಹಲ್ಲುನೋವಿಗೆ ಆ ಕೆಲಸವೊಂದೇ ಸಾಕು.

ಅಲರ್ಜಿ ಬಂದವರಲ್ಲಿಯೂ ಸುಮಾರು 80 ಶೇಕಡಾ ಮಂದಿಯಲ್ಲಿ 10 ವರ್ಷಗಳೊಳಗೆ ಅದು ಮಾಯವಾಗುತ್ತದೆ. ಹಾಗೆಂದು ಮನೆಯಲ್ಲಿ ಒಂದು ಮಾತ್ರೆ ನುಂಗಿ ನೋಡುವುದು ಸಲ್ಲ. ಪರೀಕ್ಷೆ ಆಸ್ಪತ್ರೆಯಲ್ಲಿ, ಅಲರ್ಜಿ ತಜ್ಞರ ಎದುರಿಗೇ ಆಗಬೇಕು. ಅಲ್ಲಿಯವರೆಗೆ ಯಾವ ಔಷಧ, ಎಷ್ಟು ಹೊತ್ತಿಗೆ ಏನಾಯಿತು, ಅದಕ್ಕೆ ಯಾವ ಚಿಕಿತ್ಸೆ ಕೊಟ್ಟರು, ಆಮೇಲೆ ಎಂದಾದರೂ ಅಮಾಕ್ಸಿಸಿಲಿನ್ ತೆಗೆದುಕೊಂಡದ್ದುಂಟೇ ಎಂಬುದನ್ನು ಚೀಟಿಯಲ್ಲಿ ಬರೆದಿಟ್ಟುಕೊಂಡು ದಂತವೈದ್ಯರಿಗೆ ತೋರಿಸಿ.